ಸ್ಟೆಬಿಲೈಸರ್ ಮತ್ತು ಸಿಡಿಲು: ಸತ್ಯಾಂಶ

“ಟಿವಿಗೆ ಸ್ಟೆಬಿಲೈಸರ್ ಇದ್ರೆ ಸಿಡಿಲಿಗೂ ಏನೂ ಆಗಲ್ಲ, ಪ್ಲಗ್ ತೆಗೆಯೋದೇ ಬೇಡ.”

ಇದು ತಪ್ಪು. ಮನೆಗಳಲ್ಲಿರುವ ಸಾಮಾನ್ಯ ಸ್ಟೆಬಿಲೈಸರ್ ರಿಲೇ ಬದಲಿಸಿ ವೋಲ್ಟೇಜ್ ಸರಿಪಡಿಸುತ್ತದೆ; ಅದಕ್ಕೆ ಕೆಲವು ಮಿಲಿಸೆಕೆಂಡ್ ಬೇಕು. ಸಿಡಿಲಿನ ಸರ್ಜ್, ಅಂದರೆ ವೋಲ್ಟೇಜಿನ ದಿಢೀರ್ ಏರಿಕೆ, ಮೈಕ್ರೋಸೆಕೆಂಡುಗಳಲ್ಲೇ ಒಳನುಗ್ಗುತ್ತದೆ. ಅಷ್ಟು ವೇಗಕ್ಕೆ ಸ್ಪಂದಿಸುವುದು ಸರ್ಜ್ ಪ್ರೊಟೆಕ್ಟರ್‌ನೊಳಗಿನ ಎಂಓವಿ ಎಂಬ ಬಿಡಿಭಾಗ. ಅದೂ ಸವೆಯುತ್ತದೆ, ಅರ್ಥಿಂಗ್ ಸರಿಯಿಲ್ಲದಿದ್ದರೆ ಅರೆಬರೆ ರಕ್ಷಣೆಯಷ್ಟೇ. ಹತ್ತಿರದಲ್ಲೇ ಸಿಡಿಲು ಬಡಿದರೆ ಯಾವುದನ್ನೂ ನಂಬುವಂತಿಲ್ಲ. ಡಿಶ್ ಕೇಬಲ್ ಮೂಲಕವೂ ಸರ್ಜ್ ಬರುತ್ತದೆ. ಗುಡುಗು ಶುರುವಾಗುವ ಮೊದಲೇ ಪ್ಲಗ್, ಕೇಬಲ್ ಎರಡನ್ನೂ ಕಳಚಿಡಿ.

ಹಾಗಾದರೆ ಸ್ಟೆಬಿಲೈಸರ್ ದಂಡವೇ? ನೀವೇ ನೋಡಿ: ಟಿವಿ ಹಿಂದಿನ ಲೇಬಲ್ಲಿನಲ್ಲಿ 100-240V ಎಂದಿದ್ದರೆ, ಸಂಜೆ ವೋಲ್ಟೇಜ್ 150ಕ್ಕೆ ಇಳಿದರೂ ಟಿವಿ ತಾನೇ ನಿಭಾಯಿಸುತ್ತದೆ. ತೊಂದರೆ ಇರುವುದು ವೋಲ್ಟೇಜ್ ಮೇಲೇರಿದಾಗ. ಬೀದಿ ಲೈನಿನ ನ್ಯೂಟ್ರಲ್ ಕಡಿದರೆ 230 ಬರಬೇಕಾದಲ್ಲಿ 300 ದಾಟಬಹುದು, ಅದೂ ನಿಮಿಷಗಟ್ಟಲೆ. ಅಲ್ಲಿ ಎಂಓವಿಯೇ ಸುಟ್ಟುಹೋಗುತ್ತದೆ. ಹೈ ವೋಲ್ಟೇಜ್ ಕಟ್-ಆಫ್ ಇರುವ ಸ್ಟೆಬಿಲೈಸರ್ ಟಿವಿಯನ್ನು ಉಳಿಸಬಲ್ಲದು. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಆ ಸೌಲಭ್ಯ ನಮೂದಾಗಿದೆಯೇ ಓದಿ. ಸರ್ಜ್ ಪ್ರೊಟೆಕ್ಟರನ್ನೇ ‘ಸ್ಪೈಕ್ ಗಾರ್ಡ್’ ಎಂದೂ ಕರೆಯುತ್ತಾರೆ; ಆ ಹೆಸರಿನಲ್ಲಿ ಬರೀ ಎಕ್ಸ್‌ಟೆನ್ಷನ್ ಬೋರ್ಡ್ ಮಾರುವುದೂ ಉಂಟು; ಎಷ್ಟು ಸರ್ಜ್ ತಡೆದುಕೊಳ್ಳಬಲ್ಲದೆಂದು ತಿಳಿಸುವ ಜೂಲ್ ಅಂಕಿ ಕಾಣದಿದ್ದರೆ ಅನುಮಾನಿಸಿ.