ಗಟ್ಟಿಯಾಗಿರುವ ಬೆಳ್ಳಿ ಫಿಲ್ಲಿಂಗ್ ಸುಮ್ನೆ ತೆಗೆಸಬೇಡಿ ಮಾರಾಯ್ರೆ

ಈಗಷ್ಟೇ ಕ್ಲಿನಿಕ್ ಬಾಗಿಲು ಹಾಕಿ ಬಂದೆ. ತಲೆ ಬಿಸಿ ಇಳಿದಿಲ್ಲ, ಅದಕ್ಕೇ ಇದು ಸ್ವಲ್ಪ ಉದ್ದ ಆಗುತ್ತದೆ.

ಸಂಜೆ ಒಬ್ಬರು ಅಕ್ಕ ಬಂದಿದ್ದರು. ದವಡೆ ಹಲ್ಲುಗಳಲ್ಲಿ ಹಳೇ ಬೆಳ್ಳಿ ಫಿಲ್ಲಿಂಗ್ ಇದ್ದವು, ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲವಂತೆ. ಯಾವುದೋ ರೀಲ್ಸ್‌ನಲ್ಲಿ "ನಿಮ್ಮ ಬಾಯಲ್ಲಿ ಪಾದರಸದ ವಿಷ" ಎಂದು ನೋಡಿ ಹೆದರಿದ್ದಾರೆ. ಒಂದು ಕ್ಲಿನಿಕ್‌ನವರು ಖುಷಿಯಿಂದ ಒಂದೇ ಸಲಕ್ಕೆ ಎಲ್ಲವನ್ನೂ ಕೊರೆದು ಬಿಳಿ ಕಾಂಪೋಸಿಟ್ ತುಂಬಿದ್ದಾರೆ. ಈಗ ಒಂದು ಹಲ್ಲು ರಾತ್ರಿಯಿಡೀ ಸಿಡಿಯುತ್ತಿದೆ, ನರಕ್ಕೆ ಪೆಟ್ಟಾಗಿದೆ, ರೂಟ್ ಕೆನಾಲ್ ಆಗಲೇಬೇಕು. "ಕೊರೆಯುವಾಗ ಬಾಯಿಗೆ ರಬ್ಬರ್ ಹಾಳೆ ಕಟ್ಟಿದ್ರಾ?" ಎಂದು ಕೇಳಿದೆ. "ಅದೆಂಥದು ಡಾಕ್ಟ್ರೇ?" ಎಂದರು. ಕೊರೆದ ಪುಡಿ ಗಂಟಲಿಗೆ ಇಳಿಯದಂತೆ ಹಲ್ಲಿನ ಸುತ್ತ ಕಟ್ಟುವ ಹಾಳೆ ಅದು.

ನನ್ನ ಸಿಟ್ಟು ಇಲ್ಲೇ ಇರುವುದು. ಬೆಳ್ಳಿ ಫಿಲ್ಲಿಂಗ್ ಅಂದರೆ ಅಮಾಲ್ಗಮ್. ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರ. ಬೆರೆಸಿ ಗಟ್ಟಿಯಾದ ಮೇಲೆ ಪಾದರಸ ಆ ಲೋಹಗಳ ಜೊತೆ ಕೂಡಿಕೊಂಡು ನಿಲ್ಲುತ್ತದೆ. ಅಗಿಯುವಾಗ, ಹಲ್ಲು ಕಡಿಯುವಾಗ ತೀರಾ ಸ್ವಲ್ಪ ಆವಿ ಬರುತ್ತದೆ, ಇಲ್ಲ ಅನ್ನಲ್ಲ. ಆದರೆ ಜಾಸ್ತಿ ಆವಿ ಏಳುವುದು ಯಾವಾಗ ಗೊತ್ತಾ? ಹಾಕುವಾಗ ಮತ್ತು ಕೊರೆದು ತೆಗೆಯುವಾಗ. ವಿಷಕ್ಕೆ ಹೆದರಿ ಹೋದವರಿಗೆ ಇವರು ಒಂದೇ ಮಧ್ಯಾಹ್ನದಲ್ಲಿ ಅದನ್ನೇ ಕುಡಿಸಿ ಕಳಿಸಿದ್ದಾರೆ, ಜೊತೆಗೆ ಬಿಲ್ಲು ಬೇರೆ.

"ಅಮೆರಿಕದವರೇ ಬೇಡ ಅಂದಿದ್ದಾರಲ್ಲ ಸಾರ್" ಎಂದು ಕಾಮೆಂಟ್ ಹಾಕುವವರು ಬರುತ್ತೀರಿ, ಗೊತ್ತು. ಪೂರ್ತಿ ಓದಿ ಸ್ವಾಮಿ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಹೇಳಿದ್ದು ಇಷ್ಟು: ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಆರು ವರ್ಷದೊಳಗಿನ ಮಕ್ಕಳು, ಕಿಡ್ನಿ ಅಥವಾ ನರದ ಕಾಯಿಲೆ ಇರುವವರು, ಪಾದರಸಕ್ಕೆ ಅಲರ್ಜಿ ಇರುವವರು, ಇಂಥವರಿಗೆ ಸಾಧ್ಯವಾದರೆ ಹೊಸದಾಗಿ ಹಾಕಬೇಡಿ. ಅದೇ ಹೇಳಿಕೆಯಲ್ಲೇ, ಚೆನ್ನಾಗಿರುವ ಹಳೇ ಫಿಲ್ಲಿಂಗನ್ನು ವೈದ್ಯಕೀಯ ಕಾರಣವಿಲ್ಲದೆ ತೆಗೆಯಬೇಡಿ ಎಂದೂ ಇದೆ. ಆ ಸಾಲು ರೀಲ್ಸ್‌ನಲ್ಲಿ ಬರಲ್ಲ. ಲಿಸ್ಬನ್‌ನಲ್ಲಿ ಐನೂರಕ್ಕೂ ಹೆಚ್ಚು ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಮಾಲ್ಗಮ್, ಇನ್ನೊಂದಕ್ಕೆ ಕಾಂಪೋಸಿಟ್ ಹಾಕಿ ಏಳು ವರ್ಷ ನೋಡಿದ್ದರು. ಅಮಾಲ್ಗಮ್ ಮಕ್ಕಳ ಮೂತ್ರದಲ್ಲಿ ಪಾದರಸ ಸ್ವಲ್ಪ ಜಾಸ್ತಿ ಇತ್ತು. ನೆನಪಿನ ಶಕ್ತಿ, ಗಮನ, ನರಗಳ ಕೆಲಸದಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅದು ಪ್ರಕಟವಾಗಿದ್ದು 2006ರಲ್ಲಿ.

ಮತ್ತೆ ಯಾಕೆ ಎಲ್ಲ ಕಡೆ ನಿಲ್ಲಿಸುತ್ತಿದ್ದಾರೆ? ಮುಖ್ಯವಾಗಿ ಬಾಯಿಯ ಹೆದರಿಕೆಗಲ್ಲ, ಚರಂಡಿಯ ಹೆದರಿಕೆಗೆ. ಕೊರೆದ ಪುಡಿ ನೀರಿನ ಜೊತೆ ಹೋಗಿ ಕೆರೆ ಹೊಳೆ ಸೇರಿದರೆ, ಅಲ್ಲಿನ ಸೂಕ್ಷ್ಮಜೀವಿಗಳು ಪಾದರಸವನ್ನು ಮೀಥೈಲ್ ಮರ್ಕ್ಯುರಿ ಎಂಬ ಇನ್ನೂ ಕೆಟ್ಟ ವಿಷ ಮಾಡುತ್ತವೆ, ಅದು ಮೀನಿನ ಮೈಯಲ್ಲಿ ಸೇರಿ ನಮ್ಮ ತಟ್ಟೆಗೆ ಬರುತ್ತದೆ. ಅದಕ್ಕೇ ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ ಮಿನಮಾಟಾ ಒಪ್ಪಂದದಲ್ಲಿ ಅಮಾಲ್ಗಮ್ ಕೂಡ ಸೇರಿದ್ದು, ಯುರೋಪಿನ ಒಕ್ಕೂಟ 2025ರ ಜನವರಿಯಿಂದ ತೀರಾ ಅನಿವಾರ್ಯ ಬಿಟ್ಟರೆ ಬೇಡ ಎಂದದ್ದು. ಭಾರತವೂ ಆ ಒಪ್ಪಂದದಲ್ಲಿದೆ.

ನಾನೂ ನಿಲ್ಲಿಸಿ ವರ್ಷಗಳಾದವು. ನಿಜ ಹೇಳಲಾ? ಪರಿಸರ ಪ್ರೀತಿ ಅರ್ಧ ಕಾರಣ ಅಷ್ಟೇ. ಕಪ್ಪು ಫಿಲ್ಲಿಂಗ್ ಯಾರೂ ಕೇಳಲ್ಲ, ಬಿಳಿಯದಕ್ಕೆ ದುಡ್ಡೂ ಜಾಸ್ತಿ. ಅಮಾಲ್ಗಮ್ ಜಾರದೆ ನಿಲ್ಲಬೇಕೆಂದರೆ ಒಳಗೆ ಅಗಲ ಮಾಡಿ ಒಳ್ಳೆ ಹಲ್ಲನ್ನೂ ಕೊರೆಯಬೇಕಿತ್ತು, ಕಾಂಪೋಸಿಟ್ ಅಂಟಿಕೊಳ್ಳುವುದರಿಂದ ಆ ಕಾಟ ಇಲ್ಲ. ಆದರೆ ಕಾಂಪೋಸಿಟ್ ಹಾಕುವಾಗ ಹಲ್ಲು ಒಣಗಿರಬೇಕು, ಸ್ವಲ್ಪ ಸ್ವಲ್ಪವೇ ಪದರ ಹಾಕಿ ನೀಲಿ ಲೈಟ್ ಹಿಡಿಯಬೇಕು. ಎಂಜಲು ತಾಗಿದರೆ ಅಂಚಿನಲ್ಲಿ ಸಂದು ಬಿಟ್ಟು, ಒಳಗೆ ಮತ್ತೆ ಹುಳುಕು ಶುರು. ದವಡೆಯ ದೊಡ್ಡ ಗುಳಿಗಳಲ್ಲಿ ಅಮಾಲ್ಗಮ್ಮಿನಷ್ಟು ಬಾಳಿಕೆ ಇದಕ್ಕಿಲ್ಲ.

ಹಳೇದು ಕಪ್ಪಾಗಿದೆ ಎನ್ನುವುದು ತೆಗೆಸಲು ಕಾರಣವೇ ಅಲ್ಲ. ಅಂಚು ಮುರಿದು ಊಟ ಸಿಕ್ಕಿಕೊಳ್ಳುತ್ತಿದ್ದರೆ, ಎಕ್ಸ್-ರೇಯಲ್ಲಿ ಫಿಲ್ಲಿಂಗ್ ಕೆಳಗೆ ಹುಳುಕು ಕಂಡರೆ, ಕಚ್ಚಿದಾಗ ಚುಳ್ ಎನ್ನುವಂತೆ ಹಲ್ಲು ಬಿರುಕು ಬಿಟ್ಟಿದ್ದರೆ, ಆಗ ತೆಗೆಸಿ. ಆಗಲೂ ರಬ್ಬರ್ ಹಾಳೆ ಕಟ್ಟಲಿ, ಜೋರು ಸಕ್ಷನ್ ಇಡಲಿ, ನೀರು ಬಿಡುತ್ತಾ ಪುಡಿ ಮಾಡದೆ ತುಂಡು ತುಂಡಾಗಿ ತೆಗೆಯಲಿ.

ಇನ್ನೊಂದು ಮಾತು ಆ "ವಿಷಮುಕ್ತ ಬಾಯಿ" ವಿಡಿಯೋ ಮಾಡುವ ಮಹಾಶಯರಿಗೆ. ಅಷ್ಟು ಜನರ ಬಾಯಿಂದ ಕೊರೆದ ಪುಡಿಯನ್ನು ಹಿಡಿಯಲು ನಿಮ್ಮ ಕುರ್ಚಿಯ ಪೈಪಿಗೆ ಅಮಾಲ್ಗಮ್ ಸೆಪರೇಟರ್ ಹಾಕಿದ್ದೀರಾ? ಹಾಕಿದ್ದರೆ ಅದರ ಫೋಟೋ ಕಾಮೆಂಟಲ್ಲಿ ಹಾಕಿ, ನಾನೇ ಶೇರ್ ಮಾಡುತ್ತೇನೆ.