ದೊಡ್ಡಮ್ಮನ ಮಾತ್ರೆ ಡಬ್ಬಿ

ಈಗಷ್ಟೇ ಮೂಡಿಗೆರೆಯ ದೊಡ್ಡಮ್ಮನ ಮನೆಯಿಂದ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಯಾರೋ ಪರಿಚಯದವರು ಬಂದು, "ಇದು ಟೆಲೋಮಿಯರ್ ಉದ್ದ ಮಾಡುತ್ತೆ ಅಮ್ಮಾ, ವಯಸ್ಸು ಹಿಂದಕ್ಕೆ ಹೋಗುತ್ತೆ" ಎಂದು ಮಾತ್ರೆ ಡಬ್ಬಿ ಮಾರಿ ಹೋಗಿದ್ದಾರೆ. ಮೆಣಸು ಮಾರಿದ ದುಡ್ಡು ಅದಕ್ಕೆ ಹೋಯಿತು.

ನಾನು ಇಷ್ಟು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು ಎಂದು ನಿಮಗೆ ಗೊತ್ತು. ಸುಮ್ನೆ ಇರಲು ಆಗುತ್ತಿಲ್ಲ.

ಮೊದಲು ಹೆಚ್ಚಿನ ವಿಜ್ಞಾನಿಗಳು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳು ಎಂದೆಂದಿಗೂ ಒಡೆದು ಹೆಚ್ಚುತ್ತಲೇ ಇರುತ್ತವೆ ಎಂದು ನಂಬಿದ್ದರು. 1961ರಲ್ಲಿ ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಅದು ತಪ್ಪೆಂದು ತೋರಿಸಿದರು. ಮನುಷ್ಯರ ಜೀವಕೋಶಗಳು ಸುಮಾರು 50 ಸಲ ಇಮ್ಮಡಿಯಾಗಿ ನಿಂತುಬಿಟ್ಟವು. ತಟ್ಟೆಯಲ್ಲಿ ಹಾಕಿದ ಆಹಾರದ ದೋಷವೇ? ಅದನ್ನೂ ಪರೀಕ್ಷಿಸಿದರು. ಸುಮಾರು 40 ಸಲ ಇಮ್ಮಡಿಯಾದ ಗಂಡಿನ ದೇಹದ ಜೀವಕೋಶಗಳನ್ನು, ಸುಮಾರು 10 ಸಲವಷ್ಟೇ ಆದ ಹೆಣ್ಣಿನ ದೇಹದ ಜೀವಕೋಶಗಳ ಜೊತೆ ಒಂದೇ ತಟ್ಟೆಯಲ್ಲಿ ಬೆಳೆಸಿದರು. ಇನ್ನೊಂದು 20 ಸಲ ಇಮ್ಮಡಿಯಾಗುವ ಹೊತ್ತಿಗೆ ಅಲ್ಲಿ ಉಳಿದದ್ದು ಹೆಣ್ಣಿನ ಜೀವಕೋಶಗಳು ಮಾತ್ರ. ತಟ್ಟೆ ಒಂದೇ, ಆಹಾರ ಒಂದೇ. ಅಂದರೆ ಲೆಕ್ಕ ಇರುವುದು ಜೀವಕೋಶದ ಒಳಗೇ.

ಆ ಲೆಕ್ಕದ ದೊಡ್ಡ ಪಾಲು ಟೆಲೋಮಿಯರ್‌ನದು, ಅಂದರೆ ವರ್ಣತಂತುವಿನ ತುದಿಯದು. ಅಲ್ಲಿ TTAGGG ಎಂಬ ಆರು ಡಿಎನ್‌ಎ ಅಕ್ಷರ ಸಾವಿರಾರು ಸಲ ಬರುತ್ತದೆ. ಅಂಗಳ ಸಾರಿಸುವವರಿಗೆ ತಾವು ಕಾಲಿಟ್ಟ ಜಾಗ ಸಾರಿಸಲು ಆಗುವುದಿಲ್ಲ ಅಲ್ವಾ? ಜೀವಕೋಶ ಒಡೆಯುವ ಮೊದಲು ಡಿಎನ್‌ಎ ನಕಲು ತೆಗೆಯುವ ಯಂತ್ರಕ್ಕೂ ತುದಿ ಹಾಗೆಯೇ ಉಳಿದುಹೋಗುತ್ತದೆ. ಪ್ರತಿ ಸಲ 50ರಿಂದ 200 ಅಕ್ಷರ ಕಡಿಮೆ. ಆಕ್ಸಿಡೀಕರಣದ ಏಟು ಬಿದ್ದರೆ ಇನ್ನೂ ಬೇಗ ಸವೆಯುತ್ತದೆ. ತುದಿ ತೀರಾ ಗಿಡ್ಡವಾದಾಗ ಜೀವಕೋಶ ಒಡೆಯುವುದನ್ನು ನಿಲ್ಲಿಸುತ್ತದೆ. ಆದರೆ ಸಾಯುವುದಿಲ್ಲ. ಹಾಗೇ ಕುಳಿತು, ಸುತ್ತಲಿನ ಜೀವಕೋಶಗಳಲ್ಲಿ ಉರಿಯೂತ ಎಬ್ಬಿಸುವ ರಸಗಳನ್ನು ಸುರಿಸುತ್ತದೆ. ಇಂಥವು ಜಾಸ್ತಿಯಾದಂತೆ ಅಂಗಾಂಶ ಸೊರಗುತ್ತದೆ.

"ಹಾಗಾದರೆ ಉದ್ದ ಮಾಡಿದರೆ ಒಳ್ಳೆಯದೇ ಅಲ್ವಾ? ಟೆಲೋಮಿರೇಸ್‌ಗೆ ನೊಬೆಲ್ ಬಂದಿದೆಯಲ್ಲ?" ಎಂದು ಅಣ್ಣ ಕೇಳಿದ. ಬಂದಿದೆ, 2009ರಲ್ಲಿ. ಆ ಕಿಣ್ವ ತುದಿಯನ್ನು ಬೆಳೆಸುವುದೂ ನಿಜ. ಆದರೆ ಹತ್ತರಲ್ಲಿ ಎಂಟೊಂಬತ್ತು ಕ್ಯಾನ್ಸರ್‌ಗಳು ಅದೇ ಕಿಣ್ವವನ್ನು ಎಬ್ಬಿಸಿಕೊಂಡು ನಿಲ್ಲದೆ ಬೆಳೆಯುತ್ತವೆ. ಗಿಡ್ಡವಾಗುವ ತುದಿ ನಮ್ಮ ಬ್ರೇಕ್ ಕೂಡ. ಬ್ರೇಕ್ ಕಿತ್ತು ಹಾಕುವುದನ್ನು ಔಷಧಿ ಎನ್ನುತ್ತಾರೆಯೇ? ಇನ್ನೊಂದು ಮಾತು. ಮಿದುಳಿನ ನರಕೋಶಗಳು ಹೆಚ್ಚು ಕಡಿಮೆ ಒಡೆಯುವುದೇ ಇಲ್ಲ. ಆದರೂ ಮಿದುಳಿಗೆ ವಯಸ್ಸಾಗುತ್ತದೆ. ಮುಪ್ಪೆಲ್ಲ ಈ ಒಂದು ತುದಿಯಲ್ಲೇ ಇಲ್ಲ.

ಒಂದು ವಿಷಯ ಹೇಳಿಬಿಡುತ್ತೇನೆ. ಅಪ್ಪನ ಕೊನೆಯ ವರ್ಷ ನಾನೂ ಇಂಥದ್ದೇ ಡಬ್ಬಿ ತಂದಿದ್ದೆ. ಇದೆಲ್ಲ ಗೊತ್ತಿದ್ದೂ ತಂದೆ. ಅವರು ಹೋಗುತ್ತಾರೆ ಎಂಬ ಭಯಕ್ಕೆ. ಆ ಭಯವನ್ನೇ ಹಿಡಿದು ಮಾರುತ್ತಾರಲ್ಲ, ಅದಕ್ಕೇ ನನಗೆ ಇಷ್ಟು ಸಿಟ್ಟು.

ದೊಡ್ಡಮ್ಮನಿಗೆ ಬೈಯಲು ಮನಸ್ಸು ಬರಲಿಲ್ಲ. ಅವರ ಬಿಪಿ ಮಾತ್ರೆ ಮುಗಿದು ನಾಲ್ಕು ದಿನವಾಗಿತ್ತು. ಅದನ್ನು ತಂದುಕೊಟ್ಟು ಬಂದೆ.