ಆ ಮರದಲ್ಲಿ ಮಿಡಿ ಕಚ್ಚಿತಾ?

ಜನವರಿ ಕೊನೆಯ ವಾರ. ಆಫೀಸಿನಲ್ಲಿ ಮಧ್ಯಾಹ್ನ ಏಳು ಜನ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ಯಾರೋ ಅಂಗಡಿಯ ಮಿಡಿ ಉಪ್ಪಿನಕಾಯಿ ಬಾಟಲಿ ತಂದಿದ್ದರು, ಅದು ಕೈಯಿಂದ ಕೈಗೆ ದಾಟುತ್ತಿತ್ತು. ನನ್ನ ಎದುರು ಕೂತಿದ್ದವರು (ಹೌದು, ನನ್ನ ಕ್ರಶ್, ಹೆಸರು ಹೇಳಲ್ಲ) ಒಂದು ಮಿಡಿ ತಟ್ಟೆಗೆ ಹಾಕಿಕೊಂಡು, ಯಾರಿಗೂ ಅಂತ ಅಲ್ಲದೆ ಸುಮ್ನೆ ಹೇಳಿದರು: "ನಮ್ಮನೆ ಅಪ್ಪೆ ಮರ ಮೂರು ವರ್ಷ ಆದಮೇಲೆ ಈ ಸಲ ಹೂ ಬಿಟ್ಟಿದೆಯಂತೆ. ಅಜ್ಜಿಗೆ ಮೋಡ ಕಟ್ಟಿದ್ರೆ ಭಯ." ಅಷ್ಟರಲ್ಲಿ ಪಕ್ಕದವರೊಬ್ಬರು ಅಪ್ರೈಸಲ್ ಮಾತು ತೆಗೆದರು. ಮರ, ಹೂವು, ಅಜ್ಜಿ ಎಲ್ಲ ಅಲ್ಲೇ ಮುಳುಗಿತು.

ಅವರ ಊರು ಸಾಗರದ ಕಡೆ. ನಾನು ತುಮಕೂರಿನ ಕಡೆಯವನು. ಅಪ್ಪೆಮಿಡಿಯನ್ನು ನಾನು ನೋಡಿದ್ದೇ ಬಾಟಲಿಯೊಳಗೆ. ತಟ್ಟೆ ತೊಳೆಯಲು ಎದ್ದಾಗ ಒಂದೇ ಪ್ರಶ್ನೆ ಕೇಳಿದೆ, "ಮೋಡಕ್ಕೂ ಹೂವಿಗೂ ಏನ್ರೀ ಸಂಬಂಧ?" ಅರ್ಧ ನಿಮಿಷದಲ್ಲಿ ಹೇಳಿದರು. ಮಾವು ಹೂ ಬಿಟ್ಟಾಗ ಬಿಸಿಲು ಬೇಕು. ಮೋಡ ಕಟ್ಟಿ ಇಬ್ಬನಿ ಜಾಸ್ತಿಯಾದರೆ ಹೂವಿಗೆ ಬೂದಿ ರೋಗ ಬರುತ್ತೆ, ಜಿಗಿಹುಳು ಬೀಳುತ್ತೆ, ಹೂವು ಕರಕಲಾಗಿ ಉದುರುತ್ತೆ. ಮಿಡಿ ಕಚ್ಚಿತೋ ಇಲ್ಲವೋ ಅಂತ ಗೊತ್ತಾಗೋದು ಇನ್ನೊಂದು ತಿಂಗಳಾದ ಮೇಲೆ. ಇಷ್ಟು ಹೇಳಿ ಹೋದರು.

ನನಗೆ ಅದು ಉಳಿಯಿತು. ಮಾರ್ಚ್ ಮೊದಲ ವಾರ ಅದನ್ನು ಕೇಳಿದೆ. ಕೇಳಿದಾಗ ಏನಾಯಿತು ಅನ್ನೋದಕ್ಕೆ ಮುಂಚೆ, ಇಷ್ಟಪಟ್ಟವರು ಹೇಳಿದ್ದನ್ನು ನೆನಪಿಟ್ಟು ಕೇಳುವ ಇದೇ ಕೆಲಸವನ್ನು ನಾನು ಹಿಂದೆ ಒಂದು ಸಲ ಎಷ್ಟು ಕೆಟ್ಟದಾಗಿ ಮಾಡಿದ್ದೆ ಅಂತ ಹೇಳಿಬಿಡುತ್ತೇನೆ.

ಆರೇಳು ವರ್ಷದ ಹಿಂದಿನ ಮಾತು. ಬೇರೆ ಊರು, ಬೇರೆ ಕೆಲಸ, ಬೇರೆ ಕ್ರಶ್. ಆಕೆಯ ಮನೆಯ ನಾಯಿ ಬಗ್ಗೆ ಮಾತು ಬಂತು. ನಾನು ಜಾಣನ ಹಾಗೆ ನಾಯಿಯ ಹೆಸರು ಹೇಳಿ, "ಅದಕ್ಕೆ ಕಾಲು ಮುರಿದಿತ್ತಲ್ಲ, ಈಗ ಹೇಗಿದೆ?" ಅಂದೆ. ಆಕೆ ಎರಡು ಕ್ಷಣ ಸುಮ್ಮನಿದ್ದು, "ನಾನು ನಿಮಗೆ ಯಾವಾಗ ಹೇಳಿದ್ದೆ?" ಅಂದರು. ಹೇಳಿರಲಿಲ್ಲ. ಅವರ ಇನ್‌ಸ್ಟಾಗ್ರಾಮಿನಲ್ಲಿ ಯಾವುದೋ ಹಳೇ ಫೋಟೋ ಕೆಳಗೆ ಓದಿದ್ದೆ. ಸುಳ್ಳು ಹೇಳಬೇಕು ಅಂತ ನನಗಿರಲಿಲ್ಲ, ನಿಜವಾಗಿಯೂ ಅವರೇ ಹೇಳಿದ್ದು ಅಂತ ಅಂದುಕೊಂಡಿದ್ದೆ. ನಮ್ಮ ನೆನಪು ಹೀಗೆಯೇ. ವಿಷಯ ಉಳಿಯುತ್ತೆ, ಎಲ್ಲಿಂದ ಬಂತು ಅನ್ನೋದು ಬೇಗ ಅಳಿಸಿಹೋಗುತ್ತೆ. ಆದರೆ ಎದುರಿಗಿರುವವರಿಗೆ ಅದು ಗೊತ್ತಾಗಬೇಕಲ್ಲ. ಅವರಿಗೆ ಕಂಡಿದ್ದು, ರಾತ್ರಿ ಕೂತು ತಮ್ಮ ಮೂರು ವರ್ಷದ ಫೋಟೋ ಜಾಲಾಡಿದ ಒಬ್ಬ ಗಂಡಸು. ಪೂರ್ತಿ ಸುಳ್ಳೂ ಅಲ್ಲ ಅದು. ಮುಂದಿನ ವಾರ ಅವರ ಅಕೌಂಟ್ ಪ್ರೈವೇಟ್ ಆಗಿತ್ತು.

ಆವತ್ತಿನಿಂದ ನನಗೊಂದು ಕಟ್ಟುನಿಟ್ಟು. ಅವರ ಬಾಯಿಂದ, ನನ್ನ ಕಿವಿಗೆ ಬಿದ್ದ ಮಾತು ಮಾತ್ರ. ಅವರ ಗೆಳತಿ ಹೇಳಿದ್ದೂ ಬೇಡ, ಸ್ಟೇಟಸ್‌ನಲ್ಲಿ ನೋಡಿದ್ದೂ ಬೇಡ. ಎಲ್ಲಿ ಕೂತಿದ್ದಾಗ ಹೇಳಿದರು ಅಂತ ನೆನಪಿಗೆ ಬರದಿದ್ದರೆ ಆ ಮಾತು ಎತ್ತೋದೇ ಇಲ್ಲ.

ಇನ್ನೊಂದು ತಮಾಷೆ ಏನು ಗೊತ್ತಾ, ಇಷ್ಟಪಟ್ಟವರ ಮಾತನ್ನು ನಾವು ಬೇರೆಯವರ ಮಾತಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತೇವೆ ಅನ್ನೋದೇ ಒಂದು ಭ್ರಮೆ. ಎಷ್ಟೋ ಸಲ ಉಲ್ಟಾ. ಮಾಲ್ಕಮ್ ಬ್ರೆನರ್ ಅನ್ನುವವರು 1973ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ದರು. ಜನ ಸುತ್ತ ಕೂತು ಸರದಿಯ ಮೇಲೆ ಒಂದೊಂದು ಪದ ಓದಬೇಕು. ಆಮೇಲೆ ಯಾವ್ಯಾವ ಪದ ನೆನಪಿದೆ ಅಂತ ಕೇಳಿದರೆ, ತಮ್ಮ ಸರದಿಗೆ ಸ್ವಲ್ಪ ಮುಂಚೆ ಬೇರೆಯವರು ಓದಿದ್ದೇ ಜನರಿಗೆ ಹೆಚ್ಚು ಮರೆತುಹೋಗಿರುತ್ತಿತ್ತು. ಮುಂದೆ ನಾನು ಓದಬೇಕು ಅನ್ನುವ ತಯಾರಿಯಲ್ಲಿ ಕಿವಿ ಮುಚ್ಚಿರುತ್ತೆ. ಕ್ರಶ್ ಎದುರು ಕೂತವನದು ಪ್ರತಿ ನಿಮಿಷವೂ ಇದೇ ಕಥೆ ಅಲ್ವಾ? ಅವರು ಏನೋ ಹೇಳುತ್ತಿರುತ್ತಾರೆ, ಇವನು ಮುಂದೆ ಏನು ಹೇಳಿ ನಗಿಸಲಿ ಅಂತ ಲೆಕ್ಕ ಹಾಕುತ್ತಾ ತಲೆ ಆಡಿಸುತ್ತಿರುತ್ತಾನೆ. ಮನೆಗೆ ಹೋದಮೇಲೆ ಅವರ ಕಿವಿಯೋಲೆ ಬಣ್ಣ ನೆನಪಿರುತ್ತೆ, ಮಾತು ನೆನಪಿರಲ್ಲ.

ಆ ದಿನ ಅಪ್ಪೆ ಮರದ ವಿಷಯ ನನಗೆ ಉಳಿದಿದ್ದು ನಾನು ದೊಡ್ಡ ಪ್ರೇಮಿ ಅಂತಲ್ಲ. ಅದರ ಬಗ್ಗೆ ನನಗೆ ಹೇಳೋದಕ್ಕೆ ಏನೂ ಇರಲಿಲ್ಲ. ಮಾವಿನ ಹೂವಿನ ಮೇಲೆ ನನ್ನ ಹತ್ತಿರ ಒಂದು ಜೋಕೂ ಇರಲಿಲ್ಲ. ಹಾಗಾಗಿ ಬಾಯಿ ಮುಚ್ಚಿ ಕೇಳಿದೆ, ಗೊತ್ತಾಗದೇ ಇದ್ದದ್ದನ್ನು ಕೇಳಿ ತಿಳಿದುಕೊಂಡೆ. ಆ ಒಂದು ಪ್ರಶ್ನೆ ಕೇಳದಿದ್ದರೆ ಮರವೂ ಅಪ್ರೈಸಲ್ ಜೊತೆ ಕೊಚ್ಚಿಹೋಗುತ್ತಿತ್ತು.

ಈಗ, ಯಾವ ಮಾತನ್ನು ಎತ್ತಬೇಕು ಅನ್ನೋದು. ಜನ ಸಾಮಾನ್ಯವಾಗಿ ಇಷ್ಟಾನಿಷ್ಟಗಳನ್ನು ನೆನಪಿಟ್ಟುಕೊಳ್ಳುತ್ತಾರೆ. ಕಾಫಿಗೆ ಸಕ್ಕರೆ ಬೇಡ, ನೀಲಿ ಬಣ್ಣ ಇಷ್ಟ, ಬದನೆಕಾಯಿ ಆಗಲ್ಲ. ನನ್ನ ಪ್ರಕಾರ ಇವೆಲ್ಲ ಅರ್ಧ ಮಾರ್ಕ್ಸಿನವು. ಸಕ್ಕರೆ ಬೇಡ ಅನ್ನೋದು ನಮ್ಮ ಆಫೀಸ್ ಕೆಳಗಿನ ಟೀ ಅಂಗಡಿಯವರಿಗೂ ಗೊತ್ತು, ಅವರು ಪ್ರೀತಿಸುತ್ತಿಲ್ಲ. ಎತ್ತಬೇಕಾದದ್ದು ಮುಗಿಯದೇ ಉಳಿದ ಮಾತು. ಹೇಳುವಾಗ ಫಲಿತಾಂಶ ಗೊತ್ತಿರಲಿಲ್ಲ, ಈಗ ಗೊತ್ತಾಗಿರಬೇಕು, ಅಂಥದ್ದು. ತಮ್ಮನ ಇಂಟರ್‌ವ್ಯೂ, ಮನೆ ಓನರ್ ಕೊಡದೆ ಸತಾಯಿಸುತ್ತಿದ್ದ ಅಡ್ವಾನ್ಸ್, ಮೋಡಕ್ಕೆ ಹೆದರಿದ ಅಜ್ಜಿಯ ಮರ. ಇವುಗಳ ಬಗ್ಗೆ ಕೇಳಿದರೆ ನೆನಪಿನ ಪ್ರದರ್ಶನ ಅನಿಸಲ್ಲ, ಅವರಿಗೆ ಹೇಳಲು ಒಂದು ಹೊಸ ಸುದ್ದಿ ಇರುತ್ತೆ. 2017ರಲ್ಲಿ ಹಾರ್ವರ್ಡ್‌ನ ಕೆಲವು ಸಂಶೋಧಕರು ಸ್ಪೀಡ್ ಡೇಟಿಂಗ್‌ನ ಸಂಭಾಷಣೆಗಳನ್ನು ನೋಡಿ ಹೇಳಿದ್ದು ಇದರ ಹತ್ತಿರದ್ದೇ. ಎದುರಿನವರು ಹೇಳಿದ್ದರ ಮೇಲೇ ಮುಂದಿನ ಪ್ರಶ್ನೆ ಕೇಳಿದವರಿಗೆ ಎರಡನೇ ಭೇಟಿಗೆ ಒಪ್ಪಿಗೆ ಹೆಚ್ಚು ಸಿಕ್ಕಿತ್ತು. ಅವರು ನೋಡಿದ್ದು ಅದೇ ಮಾತುಕತೆಯೊಳಗೆ ಕೇಳಿದ ಪ್ರಶ್ನೆ. ನಂದು ಐದು ವಾರ ತಡವಾದ ಪ್ರಶ್ನೆ, ಅಷ್ಟೇ.

ಸರಿ, ಮಾರ್ಚ್‌ಗೆ ಬರೋಣ. ಬೆಂಗಳೂರಿನಲ್ಲಿ ಎರಡು ದಿನ ಮೋಡ ಮುಸುಕಿತ್ತು. ಲಿಫ್ಟಿಗೆ ಕಾಯುತ್ತಾ ನಿಂತಿದ್ದರು, ಜೊತೆಯಲ್ಲಿ ಯಾರೂ ಇರಲಿಲ್ಲ. ನಾನು ಕೇಳಿದ್ದು ಇಷ್ಟು: "ನಿಮ್ಮ ತೋಟದ ಅಪ್ಪೆ ಮರದಲ್ಲಿ ಮಿಡಿ ಕಚ್ಚಿತಾ?"

"ತೋಟ ಅಲ್ಲ, ಹೊಳೆ ದಂಡೆ" ಅಂದರು ಮೊದಲು. ಆಮೇಲೆ ನನ್ನ ಕಡೆ ತಿರುಗಿದರು. "ಕಚ್ಚಿದೆ! ಅರ್ಧ ಹೂ ಹೋಯ್ತು, ಆದ್ರೂ ಕಚ್ಚಿದೆ."

ಗಮನಿಸಿ, ನಾನು ತಪ್ಪು ಹೇಳಿದ್ದೆ. ಬೇಕಂತ ಅಲ್ಲ, ಮರ ಅಂದರೆ ತೋಟ ಅಂತ ನನ್ನ ಬಯಲುಸೀಮೆ ತಲೆ ತಾನೇ ಸೇರಿಸಿಕೊಂಡಿತ್ತು. ಆದರೆ ಆ ತಪ್ಪು ಒಳ್ಳೆಯದೇ ಆಯಿತು ಅಂತ ಈಗ ಅನಿಸುತ್ತೆ. ದಿನ, ಟೈಮು, ಪದಕ್ಕೆ ಪದ ಒಪ್ಪಿಸಿದ್ದರೆ ಪೊಲೀಸ್ ಹೇಳಿಕೆ ಥರ ಇರುತ್ತಿತ್ತು. ಅವರಿಗೆ ತಿದ್ದಲು ಒಂದು ಜಾಗ ಸಿಕ್ಕಿತು, ತಿದ್ದುತ್ತಾ ಮಾತು ಬೆಳೆಯಿತು. ಲಿಫ್ಟ್ ಬಂದು ಹೋಯಿತು, ನಾವು ಹತ್ತಲಿಲ್ಲ. ಮಿಡಿಯನ್ನು ತೂಕಕ್ಕಲ್ಲ, ನೂರಕ್ಕೆ ಇಷ್ಟು ಅಂತ ಎಣಿಸಿ ಮಾರುತ್ತಾರಂತೆ. ಕೊಯ್ಯುವಾಗ ನೆಲಕ್ಕೆ ಬಿದ್ದು ಪೆಟ್ಟಾದರೆ ಉಪ್ಪಿನಲ್ಲಿ ಕೊಳೆತು ಇಡೀ ಭರಣಿ ಕೆಡಿಸುತ್ತಂತೆ. ತೊಟ್ಟು ಪೂರ್ತಿ ಮುರಿಯಬಾರದು, ಮುರಿದರೆ ಸೊನೆ ಹರಿದುಹೋಗುತ್ತೆ, ಪರಿಮಳ ಇರೋದೇ ಅದರಲ್ಲಿ. ಅವರ ಮನೆಯ ಮರ ಜೀರಿಗೆ ಅಪ್ಪೆ, ತೊಟ್ಟು ಚಿವುಟಿ ಮೂಸಿದರೆ ಜೀರಿಗೆ ವಾಸನೆ ಬರುತ್ತಂತೆ. ನಾನು ನಂಬಲಿಲ್ಲ. "ತಂದು ತೋರಿಸ್ತೀನಿ" ಅಂದರು.

ಅಲ್ಲಿಗೆ ನಾನು ನಿಲ್ಲಿಸಿದೆ. ಇದು ಕಷ್ಟದ ಭಾಗ. ಒಂದು ಮಾತು ಕೆಲಸ ಮಾಡಿತು ಅಂದಕೂಡಲೇ, ಇನ್ನೂ ನಾಲ್ಕು ನೆನಪಿದೆ ಅಂತ ಚೀಲದಿಂದ ತೆಗೆದು ಸುರಿಯಬೇಕು ಅನಿಸುತ್ತೆ. "ಮತ್ತೆ ನಿಮ್ಮ ತಮ್ಮ? ಮತ್ತೆ ಆ ಹಲ್ಲುನೋವು?" ನನ್ನ ಗೆಳೆಯನೊಬ್ಬ ಹೀಗೇ ಮಾಡಿ, ಆ ಹುಡುಗಿ "ನೀನು ನೋಟ್ಸ್ ಮಾಡ್ಕೊತೀಯಾ?" ಅಂತ ಕೇಳಿದ್ದಳು. ಅವನು ಮಾಡಿಕೊಳ್ಳುತ್ತಿದ್ದ. ಫೋನಿನಲ್ಲಿ. ನನಗೆ ಅದರಲ್ಲಿ ದೊಡ್ಡ ಪಾಪ ಕಾಣಲ್ಲ, ಅಮ್ಮನ ಮಾತ್ರೆ ಹೆಸರನ್ನೂ ನಾವು ಬರೆದೇ ಇಟ್ಟುಕೊಳ್ಳುತ್ತೇವೆ. ಆದರೆ ಪಟ್ಟಿ ಕೈಯಲ್ಲಿದ್ದರೆ ಅದನ್ನು ಓದಿಬಿಡಬೇಕು ಅನಿಸುತ್ತೆ.

ಇನ್ನೊಂದು, ಅವರು ದನಿ ತಗ್ಗಿಸಿ ಹೇಳಿದ್ದನ್ನು ಗುಂಪಿನಲ್ಲಿ ಎತ್ತಬಾರದು. ಎಂಟು ಜನರ ಮುಂದೆ "ನಿಮ್ಮ ಅಪ್ಪನ ರಿಪೋರ್ಟ್ ಬಂತಾ?" ಅಂದರೆ ಅದು ಕಾಳಜಿಯಲ್ಲ, ಊರಿಗೆ ಟಾಂಟಾಂ. ಉತ್ತರ ಕೆಟ್ಟದ್ದಾಗಿರಬಹುದು ಅಂತಲೂ ತಯಾರಿರಬೇಕು. ಹೂವೆಲ್ಲ ಉದುರಿಹೋಗಿದೆ ಅಂದಿದ್ದರೆ ನಾನು ಅಲ್ಲಿ ನಿಂತು ಆ ಬೇಸರವನ್ನೂ ಕೇಳಬೇಕಿತ್ತು. ಮಾತು ಬದಲಿಸಿ ಲಿಫ್ಟ್ ಹತ್ತಿದ್ದರೆ, ಕೇಳಿದ್ದೇ ನಾಟಕ ಅಂತ ಆಗುತ್ತಿತ್ತು.

ಯುಗಾದಿಗೆ ಊರಿಗೆ ಹೋಗುವ ಮುಂಚಿನ ದಿನ ಅವರೇ ನನ್ನ ಟೇಬಲ್ ಹತ್ತಿರ ಬಂದರು. "ನಿಮ್ಮ ಊರಲ್ಲಿ ಬೋರ್ ಕೊರೆಸ್ತಿದ್ರಲ್ಲ, ನೀರು ಬಂತಾ?" ನಾನು ಕಣ್ಣು ಕಣ್ಣು ಬಿಟ್ಟೆ. ಅದನ್ನು ಇವರಿಗೆ ಯಾವಾಗ ಹೇಳಿದ್ದೆ? ಡಿಸೆಂಬರ್‌ನಲ್ಲಿ ರಜೆ ಯಾಕೆ ಬೇಕು ಅಂತ ಟೀಮಿಗೆಲ್ಲ ಹೇಳಿದಾಗ ಒಂದು ಸಾಲು ಬಂದಿತ್ತಂತೆ. ನನಗೇ ನೆನಪಿರಲಿಲ್ಲ. ಇಲ್ಲ ಕಣ್ರೀ, ಆರುನೂರೈವತ್ತು ಅಡಿ ಕೊರೆಸಿದ್ರೂ ಬರೀ ಧೂಳು ಅಂದೆ. "ಅಮ್ಮ ಏನಂದ್ರು?" ಅಂದರು. ಮೂರು ತಿಂಗಳಲ್ಲಿ ಬೋರ್ ಬಗ್ಗೆ ಕೇಳಿದವರೆಲ್ಲ ಎಷ್ಟು ಖರ್ಚಾಯ್ತು ಅಂತ ಕೇಳಿದ್ದರು. ಅಮ್ಮ ಏನಂದರು ಅಂತ ಕೇಳಿದ್ದು ಇವರೊಬ್ಬರೇ. ಹೇಳುತ್ತಾ ಹೇಳುತ್ತಾ ನನ್ನ ಗಂಟಲು ಸ್ವಲ್ಪ ಕಟ್ಟಿತು, ನೀರು ಕುಡಿಯೋ ನೆಪದಲ್ಲಿ ಎದ್ದು ಹೋದೆ.

ಹಬ್ಬ ಮುಗಿಸಿ ಬಂದಾಗ ಒಂದು ಗಾಜಿನ ಬಾಟಲಿ ಕೊಟ್ಟರು. ಐವತ್ತು ಮಿಡಿ, ಅಜ್ಜಿ ಎಣಿಸಿ ಹಾಕಿದ್ದು, ಬರೀ ಕಲ್ಲುಪ್ಪಿನಲ್ಲಿ. ಜೊತೆಗೆ ಟಿಶ್ಯೂನಲ್ಲಿ ಸುತ್ತಿದ ಒಂದು ಹಸಿ ಮಿಡಿ, ಮೂಸಿ ನೋಡಲಿಕ್ಕೆ. ನಿಜವಾಗಿಯೂ ಜೀರಿಗೆ ವಾಸನೆ. ಮಿಡಿಯೆಲ್ಲ ಸುಕ್ಕುಗಟ್ಟಿದ ಮೇಲೆ ಹೇಳಿ, ಖಾರ ಹೇಗೆ ರುಬ್ಬೋದು ಅಂತ ಅಜ್ಜಿನ ಕೇಳಿ ಹೇಳ್ತೀನಿ ಅಂದಿದ್ದಾರೆ. ದಿನಾ ಬೆಳಗ್ಗೆ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತೇನೆ. ನಿನ್ನೆಗೆ ನಾಲ್ಕೈದು ಮಾತ್ರ ಸುಕ್ಕಾಗಿದ್ದವು.